ರಸಾಯನ ಪ್ರಶ್ನೋತ್ತರ: ನೀರಿನಿಂದ ಅಯೋಡಿನ್ ಬಿಡಿಸುವುದು

ಪ್ರಶ್ನೆ: ನೀರಿನಲ್ಲಿರುವ ಅಯೋಡಿನ್ನನ್ನು ಕಾರ್ಬನ್ ಟೆಟ್ರಾಕ್ಲೋರೈಡ್‌ಗೆ ಎಳೆಯುವಾಗ, ಇರುವ ದ್ರಾವಕವನ್ನು ಒಂದೇ ಸಲ ಹಾಕಬೇಡಿ, ಪಾಲು ಮಾಡಿ ಹಾಕಿ ಎನ್ನುತ್ತಾರೆ. ದ್ರಾವಕ ಅಷ್ಟೇ ಇರುವಾಗ ಫಲ ಹೇಗೆ ಬದಲಾಗುತ್ತದೆ?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಜೋಡಿಯ ವಿತರಣಾ ಗುಣಾಂಕ ಸುಮಾರು 85. ಅಂದರೆ, ಕುಲುಕಿ ಸಮತೋಲಕ್ಕೆ ಬಂದ ಮೇಲೆ ಒಂದು ಮಿ.ಲೀ. ದ್ರಾವಕದಲ್ಲಿ ಒಂದು ಮಿ.ಲೀ. ನೀರಿನಲ್ಲಿರುವುದರ 85 ಪಟ್ಟು ಅಯೋಡಿನ್ ಇರುತ್ತದೆ. ಸ್ಥಿರವಾಗಿರುವುದು ಈ ಅನುಪಾತ ಮಾತ್ರ, ಹೊರಬರುವ ಮೊತ್ತವಲ್ಲ.

100 ಮಿ.ಲೀ. ನೀರಿನಲ್ಲಿ 20 ಮಿಲಿಗ್ರಾಂ ಅಯೋಡಿನ್ ಇದೆ, ದ್ರಾವಕ 10 ಮಿ.ಲೀ. ಇದೆ ಎನ್ನೋಣ. ಒಮ್ಮೆಗೇ ಹಾಕಿದರೆ ಆ 10 ಮಿ.ಲೀ. ದ್ರಾವಕ 850 ಮಿ.ಲೀ. ನೀರಿಗೆ ಸಮ. ಹಾಗಾಗಿ ನೀರಿನಲ್ಲಿ ಉಳಿಯುವ ಪಾಲು 100/950, ಅಂದರೆ 2.1 ಮಿಲಿಗ್ರಾಂ. ಎರಡು ಸಲ 5 ಮಿ.ಲೀ.ನಂತೆ ಹಾಕಿದರೆ ಪ್ರತಿ ಸಲವೂ 100/525 ಭಾಗ ಉಳಿಯುತ್ತದೆ. ಎರಡನ್ನೂ ಗುಣಿಸಿದರೆ ಕೊನೆಗೆ ಸಿಗುವುದು 0.73 ಮಿಲಿಗ್ರಾಂ. ಐದು ಸಲ 2 ಮಿ.ಲೀ.ನಂತೆ ಹಾಕಿದರೆ ಉಳಿಯುವುದು 0.14 ಮಾತ್ರ.

ಗುಟ್ಟು ಇಷ್ಟೇ: ಸಮತೋಲ ಮುಟ್ಟಿದ ದ್ರಾವಕ ಮತ್ತೆ ಏನನ್ನೂ ಎಳೆಯದು. ಅದನ್ನು ಬಸಿದು ಅಯೋಡಿನ್ ಇಲ್ಲದ ಹೊಸ ಪಾಲು ಹಾಕಿದಾಗ ನೀರಿನಲ್ಲಿ ಉಳಿದದ್ದು ಹೊಸದಾಗಿ ಹಂಚಿಕೆಯಾಗಬೇಕಾಗುತ್ತದೆ. ಆದರೆ 2 ಮಿ.ಲೀ.ಗಿಂತ ಸಣ್ಣ ಪಾಲುಗಳು ಫನಲ್‌ನ ಗೋಡೆಗೂ ನಲ್ಲಿಗೂ ಅಂಟಿಕೊಂಡು ಕೈಗೆ ಸಿಗುವುದಿಲ್ಲ. ಲೆಕ್ಕ ತೋರಿಸುವ ಲಾಭವನ್ನು ಗಾಜು ನುಂಗುತ್ತದೆ.

ಪ್ರಶ್ನೆ: ನಮ್ಮ ತಂಡಕ್ಕೆ 85ರ ಬದಲು 60 ಬಂತು. ಥಯೋಸಲ್ಫೇಟ್ ದ್ರಾವಣ ಸರಿಯಾಗಿಯೇ ಇದೆ. ಎಲ್ಲಿ ಎಡವಿದೆವು?
— ಪ್ರಯೋಗಾಲಯ ಸಹಾಯಕ, ಹಾಸನ

ಉತ್ತರ: ನೀರಿನ ಪದರದ ಮಾದರಿಯನ್ನು ಮೊದಲು ಅನುಮಾನಿಸಿ. 20 ಮಿ.ಲೀ. ನೀರು ತೆಗೆಯುವಾಗ ಪಿಪೆಟ್‌ನೊಳಗೆ 0.1 ಮಿ.ಲೀ. ದ್ರಾವಕ ಸೇರಿಕೊಂಡರೂ ಅದರಲ್ಲಿ 8.5 ಮಿ.ಲೀ. ನೀರಿನಷ್ಟು ಅಯೋಡಿನ್ ಇರುತ್ತದೆ. ನೀರಿನ ಅಳತೆ ನೂರಕ್ಕೆ 42ರಷ್ಟು ಹೆಚ್ಚಾಗಿ, ಗುಣಾಂಕ 60ಕ್ಕೆ ಇಳಿಯುತ್ತದೆ. ನಿಮಗೆ ಬಂದದ್ದೂ ಅದೇ ಸಂಖ್ಯೆ. ದ್ರಾವಕದ ಮಾದರಿಯಲ್ಲಿ ಅಷ್ಟೇ ನೀರು ಸೇರಿದರೆ ಇಂಥ ಹಾನಿ ಆಗುವುದಿಲ್ಲ.

ಇದನ್ನು ಟೈಟ್ರೇಷನ್‌ನಲ್ಲೇ ಗುರುತಿಸಬಹುದು. ಪಿಷ್ಟದ ನೀಲಿ ಮಾಯವಾದ ಮೇಲೆ ಫ್ಲಾಸ್ಕ್ ಕುಲುಕಿದರೆ ನೀಲಿ ಮತ್ತೆ ಮರಳುತ್ತದೆಯೇ ನೋಡಿ. ಮರಳಿದರೆ, ತಳದಲ್ಲಿ ಅಡಗಿದ ನೇರಳೆ ಹನಿ ತನ್ನ ಅಯೋಡಿನ್ನನ್ನು ನಿಧಾನವಾಗಿ ಬಿಡುತ್ತಿದೆ ಎಂದರ್ಥ. ಕುಲುಕಿದ ಬಾಟಲಿಯನ್ನು ನೀರಿನ ಪದರ ತಿಳಿಯಾಗುವವರೆಗೆ ನಿಲ್ಲಿಸಿ, ಮೇಲಿನ ನೀರಿನ ನಡುಭಾಗದಿಂದಲೇ ಮಾದರಿ ತೆಗೆಯಿರಿ. ಕೆಳಪದರಕ್ಕೆ ಪಿಪೆಟ್ ಇಳಿಸುವಾಗ ರಬ್ಬರ್ ಬಲ್ಬ್‌ನಿಂದ ಗಾಳಿಯನ್ನು ಮೆಲ್ಲಗೆ ಹೊರತಳ್ಳುತ್ತಿರಿ. ಆಗ ನೀರು ತುದಿಯೊಳಗೆ ನುಗ್ಗದು. ಈ ದ್ರಾವಕದ ಆವಿ ಯಕೃತ್ತಿಗೆ ವಿಷ, ಆದ್ದರಿಂದ ಬಾಯಿಯಿಂದ ಎಳೆಯಲೇಬೇಡಿ, ಕೆಲಸ ಫ್ಯೂಮ್ ಹುಡ್‌ನಲ್ಲೇ ಆಗಲಿ.

ಪ್ರಶ್ನೆ: ಅಯೋಡಿನ್ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಸ್ವಲ್ಪ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದೆವು. ಆಮೇಲೆ ಎಷ್ಟು ಸಲ ದ್ರಾವಕ ಹಾಕಿದರೂ ನೀರಿನ ಬಣ್ಣ ಹೋಗಲಿಲ್ಲ. ಯಾಕೆ?
— ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಅಯೋಡೈಡ್ ಇದ್ದಲ್ಲಿ I₂ + I⁻ ⇌ I₃⁻ ನಡೆಯುತ್ತದೆ. ಟ್ರೈಅಯೋಡೈಡ್ ವಿದ್ಯುದಾವೇಶ ಹೊತ್ತ ಅಯಾನು, ಅದು ಕಾರ್ಬನ್ ಟೆಟ್ರಾಕ್ಲೋರೈಡ್‌ಗೆ ಹೋಗುವುದಿಲ್ಲ. ಬಿಡಿ I₂ ಅಣುವಿನ ಗುಣಾಂಕ ಈಗಲೂ 85 ಆಸುಪಾಸಿನಲ್ಲೇ ಇದೆ. ಆದರೆ ನೀವು ಅಳೆಯುವುದು ಎರಡೂ ರೂಪ ಸೇರಿದ ಅಯೋಡಿನ್ನನ್ನು. ಈ ಕ್ರಿಯೆಯ ಸಮತೋಲ ಸ್ಥಿರಾಂಕ ಸುಮಾರು 700. ಅಯೋಡೈಡ್ 0.1 ಮೋಲಾರ್ ಇದ್ದರೆ ಒಂದು ಪಾಲು ಬಿಡಿ ಅಯೋಡಿನ್‌ಗೆ 70 ಪಾಲು ಟ್ರೈಅಯೋಡೈಡ್ ಇರುತ್ತದೆ. ಹಾಗಾಗಿ ಒಟ್ಟಾರೆ ಹಂಚಿಕೆ 85/71, ಅಂದರೆ 1.2ಕ್ಕೆ ಕುಸಿಯುತ್ತದೆ.

ಮೊದಲ ಪತ್ರದ ಲೆಕ್ಕವನ್ನೇ ಇದಕ್ಕೆ ಹಚ್ಚಿ ನೋಡಿ. 100 ಮಿ.ಲೀ. ನೀರಿಗೆ 10 ಮಿ.ಲೀ. ದ್ರಾವಕ ಒಮ್ಮೆಗೇ ಹಾಕಿದರೆ ನೂರಕ್ಕೆ 89.3 ಭಾಗ ನೀರಿನಲ್ಲೇ ಉಳಿಯುತ್ತದೆ. ಐದು ಪಾಲು ಮಾಡಿ ಹಾಕಿದರೂ 88.8. ಪಾಲು ಮಾಡುವುದರಿಂದ ದೊಡ್ಡ ಲಾಭ ಬರುವುದು ದ್ರಾವಕದ ಎಳೆತ ಬಲವಾಗಿದ್ದಾಗ ಮಾತ್ರ. ಆದ್ದರಿಂದ ವಿತರಣೆಯ ಪ್ರಯೋಗಕ್ಕೆ ಅಯೋಡೈಡ್ ಬೆರೆಸದ ನೀರನ್ನೇ ಬಳಸಿ. ಅಯೋಡಿನ್ನನ್ನು ಮೊದಲು ದ್ರಾವಕದಲ್ಲಿ ಕರಗಿಸಿ, ನಂತರ ನೀರಿನೊಂದಿಗೆ ಕುಲುಕಿದರೂ ಅದೇ ಸಮತೋಲ ಸಿಗುತ್ತದೆ. ಅಯೋಡೈಡ್‌ನ ಕೆಲಸ ಬರುವುದು ಪದರಗಳನ್ನು ಬೇರ್ಪಡಿಸಿದ ಮೇಲೆ, ದ್ರಾವಕದ ಮಾದರಿಯ ಟೈಟ್ರೇಷನ್‌ನಲ್ಲಿ. ಅಲ್ಲಿ ಅಯೋಡಿನ್ನನ್ನು ನೀರಿಗೆ ಎಳೆದು ತರುವ ಅದರ ಗುಣವೇ ನಮಗೆ ಬೇಕಾಗಿರುವುದು.