ಸೊನ್ನೆ ಎಣಿಸಿ, ನಿಮಿಷ ಹೇಳಿ: ಡಬ್ಬಿ ಮೀನಿನ ಲೆಕ್ಕ

ಮಕ್ಕಳೇ, ಆಹಾರ ಸಂಸ್ಕರಣೆಯ ಪರೀಕ್ಷೆಯಲ್ಲಿ ಬರುವಂಥ ಒಂದು ಪ್ರಶ್ನೆಯನ್ನು ಮೊದಲು ಓದಿಕೊಳ್ಳಿ.

"ಒಂದು ಬ್ಯಾಕ್ಟೀರಿಯಾದ 10,00,000 ಬೀಜಕಗಳನ್ನು 115°C ನಲ್ಲಿ 12 ನಿಮಿಷ ಕಾಯಿಸಿದಾಗ 1000 ಉಳಿದವು. ಅಷ್ಟೇ ಬೀಜಕಗಳು 121°C ನಲ್ಲಿ 3 ನಿಮಿಷಕ್ಕೇ 1000ಕ್ಕೆ ಇಳಿದವು. ಡಿ ಬೆಲೆ, ಜೆಡ್ ಬೆಲೆ ಕಂಡುಹಿಡಿಯಿರಿ. ಪ್ರತಿ ಮೀನಿನ ಡಬ್ಬಿಯಲ್ಲಿ 100 ಬೀಜಕಗಳಿದ್ದು, ಒಂದು ಲಕ್ಷ ಡಬ್ಬಿಗಳಲ್ಲಿ ಒಂದೇ ಒಂದು ಕೆಡಬಹುದು ಎಂದಾದರೆ, 121°C ನಲ್ಲಿ ಎಷ್ಟು ನಿಮಿಷ ಬೇಕು?"

ತುಂಬಾ ಜನ ಇಲ್ಲಿ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಹತ್ತು ಲಕ್ಷದಲ್ಲಿ ಸಾವಿರ ಕಳೆದು 12ರಿಂದ ಭಾಗಿಸಿ, ನಿಮಿಷಕ್ಕೆ 83,250 ಸತ್ತವು ಎಂದು ಬರೆಯುತ್ತಾರೆ. ಹಾಗಿದ್ದರೆ ಉಳಿದ ಸಾವಿರ ಮುಂದಿನ ಒಂದೇ ಸೆಕೆಂಡಿನಲ್ಲಿ ಮುಗಿಯಬೇಕಿತ್ತಲ್ಲ? ಹಾಗಾಗುವುದಿಲ್ಲ. ಬಿಸಿಗೆ ಬೀಜಕಗಳು ಎಣಿಕೆಯ ಪ್ರಕಾರ ಸಾಯುವುದಿಲ್ಲ, ಪಾಲಿನ ಪ್ರಕಾರ ಸಾಯುತ್ತವೆ. ಹತ್ತರಲ್ಲಿ ಒಂಬತ್ತು ಸತ್ತು ಒಂದು ಉಳಿಯಲು ಬೇಕಾಗುವ ಸಮಯವೇ ಡಿ ಬೆಲೆ. ಅಂದರೆ ಒಂದು ಸೊನ್ನೆ ಹೋಗುವ ಸಮಯ.

ಹತ್ತು ಲಕ್ಷಕ್ಕೆ ಆರು ಸೊನ್ನೆ, ಸಾವಿರಕ್ಕೆ ಮೂರು. ಹೋದದ್ದು ಮೂರು ಸೊನ್ನೆ.

D (115°C) = 12 ÷ 3 = 4 ನಿಮಿಷ
D (121°C) = 3 ÷ 3 = 1 ನಿಮಿಷ

ಪುಸ್ತಕದಲ್ಲಿರುವ ಲಾಗ್ ಎಂಬುದು ಈ ಸೊನ್ನೆ ಎಣಿಕೆಯೇ. ಸಂಖ್ಯೆ 10, 100ರಂತೆ ಸಲೀಸಾಗಿ ಇಲ್ಲದಿದ್ದಾಗ ಮಾತ್ರ ಕೋಷ್ಟಕ ನೋಡಬೇಕು.

ಇನ್ನು ಉಷ್ಣ ಮರಣ ಕಾಲ ಅಂದರೆ ಗೊತ್ತಾದ ಸಂಖ್ಯೆಯ ಬೀಜಕಗಳು ಒಂದು ತಾಪದಲ್ಲಿ ಪೂರ್ತಿ ಸಾಯಲು ಹಿಡಿಯುವ ಸಮಯ. ನೂರು ಬೀಜಕಕ್ಕೂ ಹತ್ತು ಲಕ್ಷಕ್ಕೂ ಅದು ಬೇರೆ ಬೇರೆ. ಡಿ ಬೆಲೆ ಹಾಗಲ್ಲ, ಎಷ್ಟರಿಂದ ಶುರು ಮಾಡಿದರೂ ಅದೇ. ಆದರೆ ತಾಪ ಬದಲಾದರೆ ಅದೂ ಬದಲಾಗುತ್ತದೆ. ಹಾಗಾಗಿ ಡಿ ಬರೆದಲ್ಲೆಲ್ಲ ಪಕ್ಕದಲ್ಲಿ ತಾಪ ಬರೆಯಲು ಮರೆಯಬೇಡಿ.

ಡಿ ಬೆಲೆಯೇ ಹತ್ತನೇ ಒಂದು ಪಾಲಿಗೆ ಇಳಿಯಲು ತಾಪವನ್ನು ಎಷ್ಟು ಡಿಗ್ರಿ ಏರಿಸಬೇಕೋ ಅದು ಜೆಡ್ ಬೆಲೆ. ಅದರ ಮಾನ ಡಿಗ್ರಿ, ನಿಮಿಷವಲ್ಲ. ನಮ್ಮ ಲೆಕ್ಕದಲ್ಲಿ 6 ಡಿಗ್ರಿ ಏರಿದಾಗ ಡಿ 4ರಿಂದ 1ಕ್ಕೆ ಇಳಿಯಿತು. log 4 = 0.602.

z = (121 − 115) ÷ (log 4 − log 1) = 6 ÷ 0.602 ≈ 10°C

ಈಗ ಕೊನೆಯ ಭಾಗ. 100 ಬೀಜಕ 10 ಆಗಿ, 1 ಆಗಲು ಎರಡು ಡಿ ಸಾಕು. ಅಲ್ಲಿಗೇ ನಿಲ್ಲಿಸಿದರೆ ಉತ್ತರ ತಪ್ಪು, ಯಾಕೆಂದರೆ ಸರಾಸರಿ ಡಬ್ಬಿಗೊಂದು ಬೀಜಕ ಇನ್ನೂ ಜೀವಂತ. ಮತ್ತೊಂದು ಡಿ ಕಾಯಿಸಿದರೆ 0.1 ಬೀಜಕ. ಬೀಜಕದ ಚೂರು ಇರುತ್ತದಾ ಎಂದು ಕೇಳಬಹುದು. ಇರುವುದಿಲ್ಲ. ಹತ್ತು ಡಬ್ಬಿಗೆ ಒಂದು ಬೀಜಕ ಎಂದು ಅದರ ಅರ್ಥ. ಲಕ್ಷ ಡಬ್ಬಿಗೆ ಒಂದು ಅಂದರೆ 1ರಿಂದ ಕೆಳಕ್ಕೆ ಐದು ಹೆಜ್ಜೆ. ಒಟ್ಟು 2 + 5 = 7 ಡಿ, ಅಂದರೆ 121°C ನಲ್ಲಿ 7 ನಿಮಿಷ. ಅದೇ ಕೆಲಸಕ್ಕೆ 115°C ನಲ್ಲಿ 28 ನಿಮಿಷ ಬೇಕು.

ಇಷ್ಟು ಬಂದರೆ ಮುಖ್ಯ ಶತ್ರುವಿನ ಲೆಕ್ಕವೂ ಬರುತ್ತದೆ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಗಾಳಿಯಿಲ್ಲದ ಡಬ್ಬಿಯಲ್ಲಿ ಬೆಳೆದು ಪ್ರಾಣ ತೆಗೆಯುವ ವಿಷ ಉಂಟುಮಾಡುತ್ತದೆ. 121.1°C ನಲ್ಲಿ ಅದರ ಡಿ ಸುಮಾರು 0.21 ನಿಮಿಷ, ಜೆಡ್ 10°C. ಕಾರ್ಖಾನೆಯವರು ಅದಕ್ಕೆ 12 ಡಿ ಕೊಡುತ್ತಾರೆ: 12 × 0.21 = 2.52 ನಿಮಿಷ. ಕುದಿಯುವ ನೀರಿನಲ್ಲಿ, 100°C ನಲ್ಲಿ, ಇದನ್ನೇ ಮಾಡಲು ಹೋದರೆ? ತಾಪದ ವ್ಯತ್ಯಾಸ 21.1 ಡಿಗ್ರಿ, ಜೆಡ್‌ನಿಂದ ಭಾಗಿಸಿದರೆ 2.11.

2.52 × 10^2.11 ≈ 2.52 × 129 ≈ 325 ನಿಮಿಷ

ಐದು ಗಂಟೆಗೂ ಮೇಲೆ! 1922ರಲ್ಲಿ ಎಸ್ಟಿ ಮತ್ತು ಮೇಯರ್ ಈ ಬೀಜಕಗಳ ಮೇಲೆ ಪ್ರಯೋಗ ಮಾಡಿ 100°C ಗೆ ಕೊಟ್ಟ ಸಮಯವೂ ಸುಮಾರು 330 ನಿಮಿಷ. ಮೀನಿನ ಡಬ್ಬಿಯನ್ನು ಬರಿದೇ ಕುದಿಸದೆ, ಹಬೆಯ ಒತ್ತಡದ ರಿಟಾರ್ಟ್‌ನಲ್ಲಿ ಇಡುವುದು ಇದಕ್ಕೇ. ಉಪ್ಪಿನಕಾಯಿಗೆ ರಿಟಾರ್ಟ್ ಬೇಡ, ಏಕೆಂದರೆ ಪಿಎಚ್ 4.6ಕ್ಕಿಂತ ಕೆಳಗಿರುವ ಹುಳಿಯಲ್ಲಿ ಈ ಬೀಜಕ ಮೊಳೆತು ಬೆಳೆಯಲಾರದು.

ಒಂದು ಎಚ್ಚರಿಕೆ. ಈ ನಿಮಿಷಗಳು ರಿಟಾರ್ಟ್‌ನ ಮಾಪಕ 121 ತೋರಿಸಿದ ಕ್ಷಣದಿಂದ ಎಣಿಸುವಂಥವಲ್ಲ. ಡಬ್ಬಿಯೊಳಗೆ ಎಲ್ಲಕ್ಕಿಂತ ನಿಧಾನವಾಗಿ ಕಾಯುವ ಜಾಗಕ್ಕೆ ಸಿಗಬೇಕಾದ ಬಿಸಿ ಅದು. ಒತ್ತಾಗಿ ತುಂಬಿದ ಮೀನಿನಲ್ಲಿ ಆ ಜಾಗ ಹೆಚ್ಚುಕಡಿಮೆ ಡಬ್ಬಿಯ ನಡುವೆ ಇರುತ್ತದೆ. ಅಲ್ಲಿಗೆ ಥರ್ಮೋಕಪಲ್ ತಂತಿ ಚುಚ್ಚಿಟ್ಟು ತಾಪ ನೋಡುತ್ತಾರೆ. ಹೊರಗೆ 121 ಇದ್ದಾಗಲೂ ನಡುವೆ ಎಷ್ಟೋ ಹೊತ್ತು ತಂಪೇ ಇರಬಹುದು.

ಈಗ ನೀವು ಮಾಡಿ: ಮೇಲಿನ ಪ್ರಶ್ನೆಯ ಬೀಜಕಕ್ಕೆ 111°C ನಲ್ಲಿ ಡಿ ಎಷ್ಟು? 7 ಡಿ ಗೆ ಎಷ್ಟು ಹೊತ್ತು? 10 ನಿಮಿಷ, 70 ನಿಮಿಷ ಎಂದು ಬಂದರೆ ನಿಮ್ಮ ದಾರಿ ಸರಿ.