ನಿರಾಕರಣೆಯ ಪತ್ರ

ಹೊಸ ಸಂಸ್ಥೆಯ ಆಫರ್ ಲೆಟರ್, ಅಂದರೆ ವೇತನ ಹಾಗೂ ಸೇರುವ ದಿನಾಂಕವನ್ನು ನಮೂದಿಸಿದ ಲಿಖಿತ ಪ್ರಸ್ತಾವ, ಕೈಸೇರಿ ಅದಕ್ಕೆ ಸಹಿ ಹಾಕಿದ ದಿನವೇ ಈಗಾಗಲೇ ಬೇರೊಂದು ಸಂಸ್ಥೆಯ ಪ್ರಸ್ತಾವ ಪಡೆದಿರುವವರು ಆ ಮೊದಲ ಸಂಸ್ಥೆಗೆ ವಿಷಯ ತಿಳಿಸುವುದು ಯುಕ್ತ. ಏಕೆಂದರೆ ತಡವಾದರೆ ಅಲ್ಲಿ ಆಯ್ಕೆಪಟ್ಟಿಯಲ್ಲಿರುವ ಮುಂದಿನ ಅಭ್ಯರ್ಥಿಯೂ ಕೈತಪ್ಪಬಹುದು, ಸಂಸ್ಥೆಯವರಿಗೆ ನಿರಾಕರಣೆಗಿಂತ ಈ ನಷ್ಟವೇ ಹೆಚ್ಚು ಕಹಿಯಾಗುತ್ತದೆ. ಸಂದರ್ಶನ ನಡೆಸಿದ ವ್ಯವಸ್ಥಾಪಕರಿಗೆ ಮೊದಲು ಫೋನ್ ಮಾಡಿ, ಬಳಿಕ ಎಚ್‌ಆರ್ ವಿಭಾಗಕ್ಕೆ ಇಮೇಲ್ ಕಳುಹಿಸಬೇಕು. “ತಾವು ನೀಡಿದ ಅವಕಾಶಕ್ಕೆ ಕೃತಜ್ಞತೆಗಳು; ಬೇರೊಂದು ಹುದ್ದೆಯನ್ನು ಒಪ್ಪಿಕೊಂಡಿರುವುದರಿಂದ ಇದನ್ನು ಸ್ವೀಕರಿಸಲಾಗುತ್ತಿಲ್ಲ” ಎಂಬಷ್ಟೇ ಒಕ್ಕಣೆ ಸಾಕು. ಹೊಸ ಸಂಬಳದ ಮೊತ್ತವನ್ನು ಬರೆದರೆ ಅದು ಚೌಕಾಸಿಯಂತೆ ತೋರಿ, ಸಂಬಳ ಏರಿಸುವ ಮರುಪ್ರಸ್ತಾವಕ್ಕೆ ದಾರಿಯಾಗುತ್ತದೆ. ಅದನ್ನೂ ತಿರಸ್ಕರಿಸಿದಾಗಲೇ ಸಂಬಂಧ ನಿಜವಾಗಿ ಕೆಡುವುದು. ಮೊದಲ ಪ್ರಸ್ತಾವಕ್ಕೂ ಸಹಿ ಹಾಕಿದ್ದರೆ, ನಿರಾಕರಣೆ ತಿಳಿಸುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು.