ವಾಯ್ಸ್‌ಓವರ್: ಉಸಿರು ಎಲ್ಲಿ ತಗೋಬೇಕು?

ಬೈಲಹೊಂಗಲದ ಮನೆಯಲ್ಲಿ ಫ್ಯಾನ್ ಆಫ್ ಮಾಡಿ, ಕಿತ್ತೂರಿನ ಎಕ್ಸ್‌ಪ್ಲೇನರ್‌ಗೆ ಈ ವಾಕ್ಯ ಓದಿದೆ: "1824ರ ಅಕ್ಟೋಬರ್ 23ರಂದು, ಕಿತ್ತೂರಿನಲ್ಲಿ ನಡೆದ ಕಾಳಗದಲ್ಲಿ, ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತ." ಪ್ಲೇ ಮಾಡಿದ್ರೆ "ಸತ್ತ" ಅನ್ನೋದೇ ಕೇಳಿಸಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರ್ತದ, ಉಸಿರು ಮುಗಿಯೋದೂ ಅಲ್ಲೇ.

ಆ ಒಂದೇ ಪದ ಮತ್ತೆ ರೆಕಾರ್ಡ್ ಮಾಡಿ ಅಂಟಿಸಿದೆ. ಅದು ಬೇರೆ ಯಾರೋ ಹೇಳಿದಂಗ ಕೇಳಿಸ್ತು. ಯಾಕಂದ್ರ ಈ ಸಲ ಮೈಕ್‌ಗೆ ಬಾಗಿದ್ದೆ. ಹತ್ತಿರ ಹೋದ್ರೆ ದನಿ ಜೋರಾಗ್ತದ, ಕೋಣೆಯ ಪ್ರತಿಧ್ವನಿ ಕಡಿಮೆ ಆಗ್ತದ.

ಕೊನೆಗೆ ಮೈಕನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಟ್ಟೆ. ಎರಡೂ ಅಲ್ಪವಿರಾಮದಲ್ಲಿ ಉಸಿರು ತಗೊಂಡು ಇಡೀ ವಾಕ್ಯ ಮತ್ತೆ ಓದಿದೆ. "ಸತ್ತ" ಸ್ಪಷ್ಟ ಬಂತು. ರೀಟೇಕ್ ಅಂದ್ರೆ ಪದ ಅಲ್ಲ, ಪೂರ್ತಿ ವಾಕ್ಯ.